ರಜೆ ಅರ್ಜಿಯಲ್ಲಿ ಬಿಟ್ಟುಹೋದ 16 ಗಂಟೆ

(ಗುರುತು ಸಿಗದ ಹಾಗೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಸುಮಾ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಪಿಎಚ್‌.ಡಿ.ಗೆ ನೋಂದಣಿಯಾಗಿ ಕೋರ್ಸ್‌ವರ್ಕ್ ಮುಗಿಸಿದ್ದರು. ಅಧ್ಯಯನ ರಜೆಗೆ ಕೊಟ್ಟ ಅರ್ಜಿಯನ್ನು ಪ್ರಾಂಶುಪಾಲರು "ತರಗತಿಗಳ ವ್ಯವಸ್ಥೆ ಏನು?" ಎಂದು ಅಂಚಿನಲ್ಲಿ ಬರೆದು ವಾಪಸ್ ಕಳಿಸಿದ್ದರು. ಅಂದಿನಿಂದ ನಿದ್ದೆಯಿಲ್ಲ. ವಿಭಾಗದ ಮುಖ್ಯಸ್ಥರು ಮಾತು ಕಡಿಮೆ ಮಾಡಿದ್ದರು. "ಸಂಬಳ ತಗೊಂಡು ಕಾಡು ಸುತ್ತೋಕೆ ಹೋಗ್ತಾಳೆ ಅಂತಾರೆ ಮೇಡಂ. ನಾನು ಕೇಳಿದ್ದೇ ತಪ್ಪಾ?" ಎಂದು ಸಲಹೆಗಾಗಿ ಬಂದ ಸುಮಾ ನನ್ನನ್ನು ಕೇಳಿದರು.

ತಪ್ಪಲ್ಲ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಮೂರು ವರ್ಷ ಸತತ ಸೇವೆಯಾದ ಸಹಾಯಕ ಪ್ರಾಧ್ಯಾಪಕರು ತಮ್ಮ ವಿಷಯಕ್ಕೆ ನೇರ ಸಂಬಂಧವಿರುವ ಸಂಶೋಧನೆಗೆ ಈ ರಜೆ ಕೇಳಬಹುದು. ಮೊದಲು ಎರಡು ವರ್ಷ, ಮಾರ್ಗದರ್ಶಕರ ವರದಿ ಚೆನ್ನಾಗಿದ್ದರೆ ಇನ್ನೊಂದು. ಇವರ ಸೇವೆ ಆರು ವರ್ಷ ದಾಟಿತ್ತು. ಆದರೆ ಅರ್ಜಿ ಓದಿದಾಗ ಪ್ರಾಂಶುಪಾಲರ ಪ್ರಶ್ನೆಯೂ ಸರಿಯೆನಿಸಿತು. ಎರಡು ಪುಟ ಪೂರ್ತಿ ಉನ್ನತ ಶಿಕ್ಷಣದ ಮಹತ್ವ. ಕೊನೆಯಲ್ಲಿ ಒಂದೇ ಸಾಲು: "ಸಹೋದ್ಯೋಗಿಗಳು ನನ್ನ ತರಗತಿಗಳನ್ನು ನಿರ್ವಹಿಸುತ್ತಾರೆ." ಆ ಸಹೋದ್ಯೋಗಿಗಳನ್ನು ಕೇಳಿದ್ದೀರಾ ಅಂದೆ. ಇಲ್ಲ. ಮುಖ್ಯಸ್ಥರ ಮೌನಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ.

ಮೊದಲು ಕಾರಣದ ಭಾಗ ಬದಲಿಸಿದೆವು. ಭಾನುವಾರ, ರಜೆ ದಿನಗಳಲ್ಲಿ ಈ ಕೆಲಸ ಯಾಕಾಗದು ಎಂಬುದನ್ನೇ ಬರೆಯಿರಿ ಅಂದೆ. ಅವರ ಸಂಶೋಧನೆ ಮಲೆನಾಡಿನ ಜರೀಗಿಡಗಳ ಮೇಲೆ. ಅವರೇ ಹೀಗೆ ಬರೆದರು: "ನಾನು ನೋಡಬೇಕಾದ ಜರೀಗಿಡಗಳು ಚಿಗುರಿ ಬೀಜಕಣ ಬಿಡುವುದು ಮಳೆಗಾಲದಲ್ಲಿ. ಅದೇ ತಿಂಗಳುಗಳಲ್ಲಿ ಕಾಲೇಜು ನಡೆಯುತ್ತದೆ. ಒಂದೇ ಜಾಗವನ್ನು ಎರಡು ಮಳೆಗಾಲ ನೋಡದೆ ಹೋಲಿಕೆ ಸಾಧ್ಯವಿಲ್ಲ." ಎರಡು ವರ್ಷ ಏಕೆ ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಉನ್ನತ ಶಿಕ್ಷಣದ ಮಹತ್ವ ಹೇಳುತ್ತಿದ್ದ ಎರಡು ಪುಟ ತೆಗೆದುಹಾಕಿದೆವು.

ಕಷ್ಟವಿದ್ದದ್ದು ತರಗತಿಗಳಲ್ಲಿ. ವಿಭಾಗದಲ್ಲಿ ಮೂವರೇ. ಸುಮಾ ಅವರಿಗೆ ವಾರಕ್ಕೆ 16 ಗಂಟೆ: ಅಂತಿಮ ವರ್ಷದ ಸಸ್ಯ ವರ್ಗೀಕರಣ 4, ಮೊದಲ ವರ್ಷದ ಥಿಯರಿ 4, ಎರಡು ಬ್ಯಾಚ್ ಪ್ರಾಕ್ಟಿಕಲ್ 8. ಇನ್ನೊಬ್ಬ ಸಹಾಯಕ ಪ್ರಾಧ್ಯಾಪಕರಿಗೂ 16, ಸಹ ಪ್ರಾಧ್ಯಾಪಕರಾದ ಮುಖ್ಯಸ್ಥರಿಗೆ 14. ಇಬ್ಬರದ್ದೂ ಭರ್ತಿ. ಎಂಟೆಂಟು ಗಂಟೆ ಹಂಚಿದರೆ ಒಂದು ಸೆಮಿಸ್ಟರ್ ಹೇಗೋ ಎಳೆಯಬಹುದು, ನಾಲ್ಕು ಆಗುವುದಿಲ್ಲ. ಅತಿಥಿ ಉಪನ್ಯಾಸಕರು ಬೇಕೇ ಬೇಕು. ಆದರೆ ಸುಮಾ ಸಂಬಳ ಪಡೆಯುತ್ತಲೇ ಇರುತ್ತಾರೆ, ಹುದ್ದೆ ಖಾಲಿಯಾಗುವುದಿಲ್ಲ. ಹಾಗಾಗಿ ಅತಿಥಿಯ ಗೌರವಧನ ಆಡಳಿತ ಮಂಡಳಿಯ ಕೈಯಿಂದ ಹೋಗಬೇಕಿತ್ತು. ಇದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಎಷ್ಟು ಗಂಟೆಗೆ ಜನ ಬೇಕು ಅಂತ ನೀವೇ ಬರೆಯಿರಿ ಎಂದೆ.

ಹಾಗಂತ 16 ಗಂಟೆಯನ್ನೂ ಇದ್ದ ಹಾಗೆ ಹೊಸಬರಿಗೆ ಕೊಡುವಂತಿಲ್ಲ. ವರ್ಗೀಕರಣಕ್ಕೆ ಹೊರಸಂಚಾರ, ಹರ್ಬೇರಿಯಂ ಎಲ್ಲ ಇದೆ, ಅನುಭವ ಬೇಕು. ಅದನ್ನು ಮುಖ್ಯಸ್ಥರು ತೆಗೆದುಕೊಂಡು, ಅವರ ಮೊದಲ ವರ್ಷದ 4 ಗಂಟೆ ಅತಿಥಿಗೆ ಹೋಗುವಂತೆ ಅದಲುಬದಲು ಮಾಡಿದೆವು. ಮುಖ್ಯಸ್ಥರಿಗೆ 14 ಗಂಟೆಯೇ ಉಳಿಯಿತು. ಅತಿಥಿಗೆ ಮೊದಲ ವರ್ಷದ ಥಿಯರಿ ಮತ್ತು ಪ್ರಾಕ್ಟಿಕಲ್ ಸೇರಿ 16.

ಇದನ್ನು ಪೆನ್ಸಿಲ್‌ನಲ್ಲಿ ಬರೆದು, ಅರ್ಜಿಗಿಂತ ಮೊದಲು ಮುಖ್ಯಸ್ಥರ ಹತ್ತಿರ ಹೋಗಿ ಅಂದೆ. ಟೈಪ್ ಮಾಡಿದ ಹಾಳೆ ತೀರ್ಮಾನವಾಗಿಬಿಟ್ಟಂತೆ ಕಾಣುತ್ತದೆ, ಅಲ್ವಾ? ಸುಮಾ ಹಿಂಜರಿದರು. "ಬೈದರೆ?" ಬೈದರೆ ಕೇಳಿಸಿಕೊಳ್ಳಿ, ರಜೆ ಬೇಕೋ ಬೇಡವೋ ಅನ್ನೋ ವಾದಕ್ಕೆ ಇಳಿಯಬೇಡಿ, ಟೈಮ್‌ಟೇಬಲ್ ಬಗ್ಗೆ ಮಾತ್ರ ಮಾತಾಡಿ ಎಂದೆ. ಮುಖ್ಯಸ್ಥರು ಬೈಯಲಿಲ್ಲ. ನಾವಿಬ್ಬರೂ ಮರೆತದ್ದನ್ನು ನೆನಪಿಸಿದರು: ಎನ್‌ಎಸ್‌ಎಸ್ ಜವಾಬ್ದಾರಿ ಯಾರಿಗೆ? ಲ್ಯಾಬ್ ಸ್ಟಾಕ್ ರಿಜಿಸ್ಟರ್‌ಗೆ ಸಹಿ ಯಾರದು? ರಜೆ ಸೆಮಿಸ್ಟರ್ ನಡುವೆ ಶುರುವಾದರೆ ಆಂತರಿಕ ಅಂಕ ಯಾರು ಕೊಡಬೇಕು? ಮಾರ್ಗದರ್ಶಕರು ಹೇಳಿದ್ದ ತಾರೀಕು ಬಿಟ್ಟು, ಸೆಮಿಸ್ಟರ್ ಮುಗಿದು ಅಂಕ ಅಪ್‌ಲೋಡ್ ಆದ ಮರುದಿನದಿಂದ ರಜೆ ಎಂದು ಸುಮಾ ತಿದ್ದಿದರು.

ಬಾಂಡ್ ಬಗ್ಗೆ ನಾನು ಬೇರೆಯಾಗಿಯೇ ಮಾತಾಡಿದೆ. ವಾಪಸ್ ಬಂದ ಮೇಲೆ ಕನಿಷ್ಠ ಮೂರು ವರ್ಷ ಕೆಲಸ ಮಾಡಬೇಕು, ಇಲ್ಲವಾದರೆ ಹಣ ಕಟ್ಟಬೇಕು. ಜಾಮೀನೂ ಬೇಕು. ಪತಿ ವಿದೇಶದ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾರೆ ಎಂದು ಸುಮಾ ಆಗ ಹೇಳಿದರು. ಮನೆಯಲ್ಲಿ ಇದು ಇತ್ಯರ್ಥವಾಗದೆ ಸಹಿ ಹಾಕಬೇಡಿ ಎಂದು ಗಟ್ಟಿಯಾಗಿ ಹೇಳಿದೆ. ಪತಿಯನ್ನೂ ಒಮ್ಮೆ ಕರೆಸಿ ಮಾತಾಡಿದೆ. ಐದು ವರ್ಷ ಇಲ್ಲೇ ಇರುವುದು ಎಂದು ಇಬ್ಬರೂ ಒಪ್ಪಿದರು.

ಹೊಸ ಅರ್ಜಿಗೆ ಮುಖ್ಯಸ್ಥರೇ ಶಿಫಾರಸು ಬರೆದರು. ಆಡಳಿತ ಮಂಡಳಿ ಅತಿಥಿಯ ಗೌರವಧನಕ್ಕೆ ಒಪ್ಪಿ ಅರ್ಜಿಯನ್ನು ಇಲಾಖೆಗೆ ಕಳಿಸಿತು, ಎರಡು ವರ್ಷದ ರಜೆ ಮಂಜೂರಾಯಿತು. ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ತಡವಾದರೆ ರಜೆ ಸಂಬಳ ತಡೆಹಿಡಿಯಬಹುದು. ಆ ತಾರೀಕುಗಳನ್ನು ಸುಮಾ ಆಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಂಡರು. ಎನ್‌ಎಸ್‌ಎಸ್ ಮಾತ್ರ ಇನ್ನೂ ಯಾರ ಕೈಗೂ ಹೋಗಿಲ್ಲ.