ಜುಲೈ ಸಂಜೆ ಏಳಕ್ಕೆ ಕತ್ತಲಾಗುವುದಿಲ್ಲ

ಪ್ರಶ್ನೆ: ‘ಜುಲೈ, ಸಂಜೆ ಏಳು’ ಎಂದು ಶೀರ್ಷಿಕೆ ಕೊಟ್ಟು, ‘ಹೊರಗೆ ಮಳೆ, ಕಿಟಕಿಯಾಚೆ ಕತ್ತಲು, ಒಳಗೆ ನಾನೊಬ್ಬಳೇ’ ಎಂದು ಕವಿತೆ ಬರೆದೆ. ಆದರೂ ಅದು ಯಾರು ಬೇಕಾದರೂ ಬರೆಯಬಹುದಾದ ಕವಿತೆ ಎನ್ನುತ್ತಾರೆ. ಇನ್ನೇನು ಸೇರಿಸಬೇಕು? (ಡೊಂಬಿವಲಿ)

ಸೇರಿಸುವುದಕ್ಕಿಂತ ಮೊದಲು ತಪ್ಪನ್ನು ತೆಗೆಯಿರಿ. ಜುಲೈ ನಡುವಿನಲ್ಲಿ ಮುಂಬೈಯ ಸೂರ್ಯಾಸ್ತ ಸುಮಾರು 7:20ಕ್ಕೆ. ಎಷ್ಟೇ ಮೋಡ ಕವಿದಿದ್ದರೂ ಏಳು ಗಂಟೆಗೆ ಹೊರಗೆ ಬೂದುಬೆಳಕು ಉಳಿದಿರುತ್ತದೆ. ಏಳಕ್ಕೆ ಕತ್ತಲಾಗುವುದು ಸೂರ್ಯ ಆರರ ಹೊತ್ತಿಗೇ ಮುಳುಗುವ ಡಿಸೆಂಬರಿನಲ್ಲಿ, ಆಗ ಇಲ್ಲಿ ಮಳೆಯೇ ಅಪರೂಪ. ಶೀರ್ಷಿಕೆ ಒಂದು ಸಂಜೆಯನ್ನು, ಸಾಲು ಇನ್ನೊಂದನ್ನು ಹೇಳುತ್ತಿರುವುದರಿಂದ ಓದುಗ ಎರಡನ್ನೂ ನಂಬುವುದಿಲ್ಲ.

ಮಳೆಯೂ ಒಂದೇ ಅಲ್ಲ. ಮುಂಗಾರಿಗೆ ಮುಂಚಿನ ಗುಡುಗುಮಳೆ ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ಘಟ್ಟದ ಕಡೆಯಿಂದ, ಅಂದರೆ ಪೂರ್ವದಿಂದ ಬಂದು, ಧೂಳೆಬ್ಬಿಸಿ, ಬೇಗನೆ ಮುಗಿಯುತ್ತದೆ. ಜುಲೈಯ ಮಳೆ ಸಮುದ್ರದಿಂದ ಬರುತ್ತದೆ, ಗುಡುಗುವುದು ಕಡಿಮೆ, ಪಡುವಣ ಕಿಟಕಿಯನ್ನು ತೋಯಿಸುತ್ತದೆ, ಬಟ್ಟೆ ಒಣಗಲು ಬಿಡುವುದಿಲ್ಲ. ಆದ್ದರಿಂದ ‘ಮಳೆ’ ಎಂದಷ್ಟೇ ಬರೆಯದೆ, ಆ ಮಳೆ ಮನೆಯೊಳಗೆ ಏನು ಮಾಡಿದೆ ಎಂಬುದನ್ನು ಬರೆಯಿರಿ. ನಿಮ್ಮ ಸಾಲುಗಳನ್ನು ನಾನಾದರೆ ಹೀಗೆ ತಿದ್ದುತ್ತಿದ್ದೆ:

ಫ್ಯಾನಿನ ಕೆಳಗೆ ಮೂರನೆಯ ದಿನದ ಅಂಗಿ.
ಪಡುವಣ ಕಿಟಕಿಗೆ ಚಿಲಕ.
ದೀಪ ಹಾಕುವಷ್ಟು ಕತ್ತಲಿಲ್ಲ,
ಪತ್ರ ಓದುವಷ್ಟು ಬೆಳಕಿಲ್ಲ.

ಇಲ್ಲಿ ತಿಂಗಳಿನ ಹೆಸರಿಲ್ಲ, ಗಂಟೆಯೂ ಇಲ್ಲ. ಆದರೆ ಅಂಗಿ ಋತುವನ್ನು ಹೇಳುತ್ತದೆ, ಕೊನೆಯ ಎರಡು ಸಾಲು ಹೊತ್ತನ್ನು ಹೇಳುತ್ತವೆ. ‘ನಾನೊಬ್ಬಳೇ’ ಎಂಬುದನ್ನು ಬಿಟ್ಟಿದ್ದೇನೆ, ಏಕೆಂದರೆ ದೀಪ ಹಾಕಲು ಇನ್ನೊಬ್ಬರಿಲ್ಲದಿರುವುದು ಅದಿಲ್ಲದೆಯೂ ತಿಳಿಯುತ್ತದೆ. ಋತುವಿಗೊಂದು, ಹೊತ್ತಿಗೊಂದು ಗುರುತು ಸಾಕು. ಮೂರನೆಯದನ್ನು, ನಾಲ್ಕನೆಯದನ್ನು ತುರುಕಿದರೆ ಕವಿತೆ ಹವಾಮಾನ ವರದಿಯಾಗುತ್ತದೆ.

ಪರೀಕ್ಷೆ ಸುಲಭ: ಕವಿತೆಯನ್ನು ಡಿಸೆಂಬರಿನ ಬೆಳಿಗ್ಗೆಗೆ ಎತ್ತಿಟ್ಟು ಓದಿ. ಯಾವ ಸಾಲೂ ಸುಳ್ಳಾಗದಿದ್ದರೆ ನೀವು ಹೊತ್ತನ್ನು ನೋಡಿಯೇ ಇಲ್ಲ. ಶುಲ್ಕ ಪಡೆದು ‘ಋತುಸೂಚಕ ಪದಗಳ ಪಟ್ಟಿ’ ಹಂಚುವ ಶಿಬಿರಗಳಿಗೆ ಹೋಗಬೇಡಿ ಎಂದು ಎಷ್ಟು ಸಲ ಹೇಳಲಿ? ಗುಲ್‌ಮೊಹರ್, ಕೋಗಿಲೆ, ಮಲ್ಲಿಗೆ ಎಂದು ಅಲ್ಲಿಂದ ತಂದವರ ಕವಿತೆಗಳಲ್ಲೆಲ್ಲ ಒಂದೇ ಮೇ ತಿಂಗಳು ಇರುತ್ತದೆ.

ಪ್ರಶ್ನೆ: ಮಧ್ಯರಾತ್ರಿಯ ನೆತ್ತಿಯ ಮೇಲೆ ಬಿದಿಗೆ ಚಂದ್ರನನ್ನು ಇಡಬಹುದೇ? (ಪುಣೆ)

ಕೂಡದು; ಅವನು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಪಶ್ಚಿಮದಲ್ಲಿ ಮುಳುಗಿರುತ್ತಾನೆ.

ಪ್ರಶ್ನೆ: ಕವಿತೆಯ ಕೆಳಗೆ ದಿನಾಂಕ, ಸ್ಥಳ ಹಾಕಿದರೆ ಸಾಲದೇ? (ಮಡಗಾಂವ್)

ಅದು ನಿಮ್ಮ ದಫ್ತರಕ್ಕೆ ಸಾಕು, ಓದುಗರಿಗಲ್ಲ.