ಸಮವೇತಾಃ ಪದದ ವಿಸರ್ಗ ಎಲ್ಲಿ ಹೋಯಿತು?

ಓದುಗರ ಪತ್ರ: ಸಂಪಾದಕರೇ, ಈಗಷ್ಟೇ ಗೀತೆ ಓದಲು ಶುರು ಮಾಡಿದ್ದೇನೆ. ಮೊದಲ ಶ್ಲೋಕದಲ್ಲಿ ‘ಸಮವೇತಾ ಯುಯುತ್ಸವಃ’ ಎಂದಿದೆ. ಅರ್ಥ ಹೇಳುವಾಗ ‘ಸಮವೇತಾಃ’ ಎಂದು ವಿಸರ್ಗ ಸೇರಿಸಿದ್ದಾರೆ. ಯಾವುದು ಸರಿ? ಅಚ್ಚಿನ ತಪ್ಪೇ?

ಉತ್ತರ: ಎರಡೂ ಸರಿ. ಪದವನ್ನು ಬಿಡಿಯಾಗಿ ಹೇಳಿದರೆ ಸಮವೇತಾಃ, ಯುಯುತ್ಸವಃ ಮುಂದೆ ಬಂದಾಗ ಸಮವೇತಾ. ಹೈಸ್ಕೂಲಿನಲ್ಲಿ ಓದಿದ ಸವರ್ಣದೀರ್ಘ, ಗುಣಸಂಧಿಗಳು ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಇದು ವಿಸರ್ಗಸಂಧಿ.

ಶ್ಲೋಕದ ಎರಡನೇ ಸಾಲನ್ನೂ ನೋಡಿ: ‘ಮಾಮಕಾಃ ಪಾಂಡವಾಶ್ಚೈವ ಕಿಮಕುರ್ವತ ಸಂಜಯ’. ಸಮವೇತಾಃ, ಮಾಮಕಾಃ, ಪಾಂಡವಾಃ, ಮೂರೂ ಬಹುವಚನ, ಮೂರರ ಕೊನೆಯೂ ‘ಆಃ’. ಆದರೆ ಮೊದಲನೆಯದರ ವಿಸರ್ಗ ಮಾಯ, ಎರಡನೆಯದರದ್ದು ಹಾಗೇ ಇದೆ, ಮೂರನೆಯದು ಶ್ ಆಗಿದೆ. ಎಲ್ಲವನ್ನೂ ತೀರ್ಮಾನಿಸುವುದು ಮುಂದಿನ ಅಕ್ಷರ. ಗಂಟಲ ಮೇಲೆ ಬೆರಳಿಟ್ಟು ‘ಗ’ ಅನ್ನಿ, ನಡುಕ ಗೊತ್ತಾಗುತ್ತದೆ. ‘ಕ’ದಲ್ಲಿ ಆ ವ್ಯಂಜನಕ್ಕೆ ನಡುಕ ಇರುವುದಿಲ್ಲ. ಸ್ವರಗಳು, ಪ್ರತಿ ವರ್ಗದ ಕೊನೆಯ ಮೂರು ಅಕ್ಷರಗಳು, ಯ ರ ಲ ವ ಹ, ಇವೆಲ್ಲ ನಡುಗುವ ಗುಂಪು. ‘ಆಃ’ ಆದ ಮೇಲೆ ಇವುಗಳಲ್ಲಿ ಯಾವುದು ಬಂದರೂ ವಿಸರ್ಗ ಬಿದ್ದುಹೋಗುತ್ತದೆ. ಯುಯುತ್ಸವಃ ಶುರುವಾಗುವುದು ಯಕಾರದಿಂದ, ಅಲ್ವಾ? ಪ ಬಂದರೆ (ಕ, ಖ, ಫ ಕೂಡ) ವಿಸರ್ಗ ಉಳಿಯುತ್ತದೆ. ಚ ಬಂದರೆ ಶ್, ತ ಬಂದರೆ ಸ್. ಹೀಗೆ ಪಾಂಡವಾಃ + ಚ + ಏವ ಸೇರಿ ಪಾಂಡವಾಶ್ಚೈವ. ಕಿಮಕುರ್ವತದಲ್ಲಿ ಧ್ವನಿ ಏನೂ ಬದಲಾಗಿಲ್ಲ, ಕಿಮ್ + ಅಕುರ್ವತ, ಸುಮ್ನೆ ಕೂಡಿಸಿ ಬರೆದಿದ್ದಾರೆ ಅಷ್ಟೆ.

ಹಾಗಾದರೆ ಮಾಮಕಾಃ ಪದದ ಮಕಾರಕ್ಕೂ ನಡುಕ ಇದೆ, ಅದರ ಹಿಂದಿನ ಯುಯುತ್ಸವಃ ಯಾಕೆ ಬದಲಾಗಲಿಲ್ಲ ಎಂದು ನೀವು ಕೇಳಬಹುದು. ನಡುವೆ ಅರ್ಧಶ್ಲೋಕ ಮುಗಿಯುತ್ತದೆ. ಅಲ್ಲಿ ನಿಲ್ಲುತ್ತೇವೆ, ಆದ್ದರಿಂದ ಸಂಧಿ ಆ ಗೆರೆಯನ್ನು ದಾಟುವುದಿಲ್ಲ.

ಓದುವವರಿಗೆ ನಿಜವಾದ ಕಷ್ಟ ಬೇರೆ, ನಾವು ಹೋಗಬೇಕಾದ್ದು ಉಲ್ಟಾ ದಾರಿಯಲ್ಲಿ. ‘ಸಮವೇತಾ’ ಎಂದಷ್ಟೇ ಕಂಡರೆ ಅದು ಸ್ತ್ರೀಲಿಂಗ ಏಕವಚನವೂ ಆಗಬಹುದು, ‘ಸೇರಿದವಳು’ ಅಂತ. ಸಂಧಿಯ ನಿಯಮ ಒಂದರಿಂದಲೇ ಇದು ಇತ್ಯರ್ಥ ಆಗುವುದಿಲ್ಲ, ಪಕ್ಕದ ಪದಗಳನ್ನು ನೋಡಲೇಬೇಕು. ಯುಯುತ್ಸವಃ ಎಂದರೆ ಯುದ್ಧ ಬಯಸಿದವರು, ಬಹುವಚನ. ಅಕುರ್ವತ ಕ್ರಿಯಾಪದವೂ ಬಹುವಚನ, ‘ಮಾಡಿದರು’. ಹಾಗಾಗಿ ಇಲ್ಲಿ ಬಿದ್ದಿರುವುದು ವಿಸರ್ಗವೇ.

ಇನ್ನೊಂದು, ವಿಸರ್ಗ ಬಿದ್ದ ಜಾಗದಲ್ಲಿ ಮತ್ತೆ ಸಂಧಿ ಮಾಡಬೇಡಿ. ದೇವಾಃ + ಇಹ ‘ದೇವಾ ಇಹ’ ಎಂದೇ ನಿಲ್ಲುತ್ತದೆ, ದೇವೇಹ ಆಗುವುದಿಲ್ಲ. ಶ್ಲೋಕದಲ್ಲಿ ಎರಡು ಸ್ವರ ಹೀಗೆ ಬೆರೆಯದೆ ಅಕ್ಕಪಕ್ಕ ಕೂತಿದ್ದರೆ, ನಡುವೆ ವಿಸರ್ಗ ಇತ್ತೇ ಎಂದು ಮೊದಲು ಅನುಮಾನಿಸಿ.

ಇದೆಲ್ಲ ದೀರ್ಘ ‘ಆಃ’ ವಿಷಯ. ಹ್ರಸ್ವ ‘ಅಃ’ ಬೇರೆ ಥರ: ರಾಮಃ + ಗಚ್ಛತಿ ‘ರಾಮೋ ಗಚ್ಛತಿ’ ಆಗುತ್ತದೆ, ರಾಮಃ + ಅಪಿ ‘ರಾಮೋಽಪಿ’. ಆ ಽ ಗುರುತು ಇರುವುದು ಅಲ್ಲೊಂದು ಅಕಾರ ಹೋಗಿದೆ ಎಂದು ತೋರಿಸಲು.