ಎಚ್ಚರ ಇದ್ದ ಮಾತ್ರಕ್ಕೆ ಉಸಿರು ಸರಿ ಇದೆ ಅಂತಲ್ಲ

"ಹೆರಾಯಿನ್ ಜೊತೆ ಕೊಕೇನ್ ತಗೊಂಡ್ರೆ ಉಸಿರು ನಿಲ್ಲೋ ಭಯ ಇರಲ್ಲ ಅಲ್ವಾ?"

ಇಲ್ಲ, ಇದು ತಕ್ಕಡಿ ಲೆಕ್ಕ ಅಲ್ಲ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ಉಸಿರಾಟ ಜೋರು ಮಾಡಿಸುವುದು ಮಿದುಳಿನ ಬುಡದ ಭಾಗ, ಹೆರಾಯಿನ್ ಮಂಕಾಗಿಸುವುದು ಅದನ್ನೇ. ಕೊಕೇನ್ ಆ ಮಂಕನ್ನು ಬಿಡಿಸುವುದಿಲ್ಲ, ಸುಮ್ನೆ ತೂಕಡಿಕೆ ಮರೆಸುತ್ತದೆ. ಹಾಗಾಗಿ ಏನೂ ಆಗಿಲ್ಲ ಅಂದುಕೊಂಡು ಜಾಸ್ತಿ ತಗೊಳ್ಳುತ್ತಾರೆ.

ರಾತ್ರಿ 10ಕ್ಕೆ ಎರಡನ್ನೂ ತಗೊಂಡವನು ಮಾತಾಡುತ್ತಲೇ ಇರುತ್ತಾನೆ. ಕೊಕೇನ್ ಅಮಲು ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ, ಹೆರಾಯಿನ್‌ನದು ಇನ್ನೂ ಕೆಲವು ಗಂಟೆ ಉಳಿಯುತ್ತದೆ. 11ಕ್ಕೆ "ಮಲಗಿದ" ಅಂತ ಎಲ್ಲರೂ ಸುಮ್ಮನಾಗುತ್ತಾರೆ, ಅಪಾಯ ಇರುವುದೇ ಆಗ. ಗೊರಗೊರ ಸದ್ದು, ನೀಲಿ ತುಟಿ, ಅಲುಗಾಡಿಸಿದರೂ ಏಳದಿದ್ದರೆ ಆಂಬುಲೆನ್ಸ್ ಕರೆಸಿ, ಹೆರಾಯಿನ್ ಪರಿಣಾಮ ತಡೆಯುವ ಔಷಧಿ ನಲಾಕ್ಸೋನ್ ಇದ್ದರೆ ಕೊಡಿ. ಎಬ್ಬಿಸೋಕೆ ಅಂತ ಇನ್ನಷ್ಟು ಕೊಕೇನ್ ಬೇಡವೇ ಬೇಡ: ಹೃದಯಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ, ಸಿಗುವುದೋ ಕಡಿಮೆ.